ಅಪ್‌ಡೇಟ್: ಅಕ್ಕನ ಲಗ್ನಪತ್ರಿಕೆ ಪ್ರಿಂಟಿಗೆ ಹೋಯ್ತು

ನಾನು ಕೇಳಿದ್ದು: "ಮರೂನ್ ಕಾರ್ಡಿನ ಮೇಲೆ ಬಂಗಾರದ ಅಕ್ಷರ. ಫೋಟೋ ನೋಡಿ ಹೇಳಿ, ಓದೋಕಾಗುತ್ತಾ? ಸಾಲುಗಳ ಕ್ರಮ ಸರಿ ಇದೆಯಾ?"

ನೀವೆಲ್ಲ ಹೇಳಿದ ಹಾಗೆ ಸ್ಯಾಂಪಲನ್ನು ಟ್ಯೂಬ್‌ಲೈಟ್ ಕೆಳಗೆ ಅಜ್ಜಿ ಕೈಗೆ ಕೊಟ್ಟೆ. ಫಾಯಿಲ್ ಹೊಳೆದು ಮುಹೂರ್ತದ ಸಾಲೇ ಅವರಿಗೆ ಕಾಣಲಿಲ್ಲ. ಹಾಗಾಗಿ ಮರೂನ್ ಹಿನ್ನೆಲೆ, ಬಂಗಾರದ ಫಾಯಿಲ್ ಎರಡನ್ನೂ ಹೊರಗಿನ ಗಣಪತಿಗಷ್ಟೇ ಬಿಟ್ಟು, ಒಳಗೆ ಕೆನೆಬಣ್ಣದ ಹಾಳೆಗೆ ಕಡು ಮರೂನ್ ಅಕ್ಷರ ಹಾಕಿಸಿದೆವು.

ದೊಡ್ಡ ತೊಂದರೆ ಇದ್ದದ್ದು ಒತ್ತಕ್ಷರದಲ್ಲಿ. "ಕಲ್ಯಾಣ"ದ ಯ-ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ, ಎರಡೂ ಸೇರಿ ಕಲೆಯ ಹಾಗೆ ಕಾಣುತ್ತಿತ್ತು. 11 ಪಾಯಿಂಟ್ ಅಕ್ಷರಕ್ಕೆ ಸಾಲಿನ ಅಂತರ 13 ಇತ್ತು, 17 ಮಾಡಿಸಿದ ಮೇಲೆ ಬಿಡಿಬಿಡಿಯಾಯ್ತು. ಜಾಗಕ್ಕಾಗಿ ಬಂಧುಗಳ ಹೆಸರಿನ ಪಟ್ಟಿಯನ್ನು ಎಡಪುಟಕ್ಕೆ ಕಳಿಸಿದೆವು. ದೊಡ್ಡಪ್ಪ ಮೊದಲು ಒಪ್ಪಲಿಲ್ಲ, ಪ್ರೂಫ್ ನೋಡಿ ಸುಮ್ಮನಾದರು.

ಆರತಕ್ಷತೆ ಹಿಂದಿನ ದಿನ ಸಂಜೆಯಾದರೂ ಕಾರ್ಡಿನ ಕೊನೆಯಲ್ಲಿತ್ತು. ಮದುವೆ ದಿನವೇ ಅಂದುಕೊಂಡು ಬಂದವರು ಖಾಲಿ ಮಂಟಪ ನೋಡಬೇಕಾಗುತ್ತಿತ್ತು. ಈಗ ವಧೂವರರ ಹೆಸರಾದ ಕೂಡಲೇ ಆರತಕ್ಷತೆಯ ವಾರ, ತಾರೀಖು, ಹೊತ್ತು, ಅದರ ಕೆಳಗೆ ಮುಹೂರ್ತ, ಆಮೇಲೆ ಎರಡಕ್ಕೂ ಸೇರಿ ಒಂದೇ ಸಲ ಸ್ಥಳ. ಈ ಸಲ ಅಜ್ಜಿ ಕನ್ನಡಕ ಹಾಕಿಕೊಂಡು ಒಂದೇ ಉಸಿರಿಗೆ ಓದಿದರು. ನಿಮಗೆಲ್ಲ ತುಂಬಾ ಥ್ಯಾಂಕ್ಸ್.