ಚಟ್ನಿಪುಡಿಗೆ ಸೀರಿಯಲ್ ನಟಿಯೋ, ಸಣ್ಣ ರೀಲ್ಸ್‌ನವರೋ?

ಪ್ರಶ್ನೆ (ಹುಬ್ಬಳ್ಳಿ, ಗೃಹೋದ್ಯಮ):
ನಮ್ಮದು ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿ ಮತ್ತು ಕಡಕ್ ರೊಟ್ಟಿ. ಆರ್ಡರ್ ಹೆಚ್ಚಾಗಿ ವಾಟ್ಸಾಪ್‌ನಲ್ಲೇ ಬರುತ್ತವೆ, ಜಾಸ್ತಿ ಬೆಂಗಳೂರಿನಿಂದ. ಎಲ್ಲ ಖರ್ಚು ಕಳೆದು ಒಂದು ಆರ್ಡರ್‌ಗೆ ಸುಮಾರು ₹170 ಉಳಿಯುತ್ತದೆ. ಒಬ್ಬ ಸೀರಿಯಲ್ ನಟಿ ಒಂದು ರೀಲ್, ಒಂದು ಸ್ಟೋರಿಗೆ ₹2.5 ಲಕ್ಷ ಕೇಳಿದ್ದಾರೆ. ನಮ್ಮ ಮನೆಯವರು ಅದೇ ಆಗಲಿ ಅಂತಾರೆ. ನನಗೆ ಸಣ್ಣ ಸಣ್ಣ ಅಡುಗೆ ಪೇಜ್‌ನವರಿಗೆ ಕೊಡೋಣ ಅನ್ನಿಸುತ್ತದೆ. ಯಾರಿಂದ ಎಷ್ಟು ಮಾರಾಟ ಆಯ್ತು ಅಂತ ತಿಳಿಯುವುದು ಹೇಗೆ?

ಉತ್ತರ (ಆಹಾರ ಬ್ರ್ಯಾಂಡ್‌ಗಳ ಮಾರ್ಕೆಟಿಂಗ್ ಮಾಡುವವರು, ಬೆಂಗಳೂರು):
ಅಕ್ಕ, ನೀವು ಕೊಟ್ಟ ₹170ರಿಂದಲೇ ಶುರು ಮಾಡೋಣ. ₹2.5 ಲಕ್ಷ ವಾಪಸ್ ಬರಬೇಕಾದರೆ ಸುಮಾರು 1,470 ಹೊಸ ಆರ್ಡರ್ ಬೇಕು. ಅದೂ ಒಂದೇ ರೀಲ್‌ನಿಂದ, ಹೆಚ್ಚೆಂದರೆ ನಾಲ್ಕೈದು ದಿನದಲ್ಲಿ. ಬಂದರೂ ಅಷ್ಟು ರೊಟ್ಟಿ ತಟ್ಟಿ, ಮುರಿಯದ ಹಾಗೆ ಪ್ಯಾಕ್ ಮಾಡಲು ನಿಮ್ಮಲ್ಲಿ ಕೈಗಳಿವೆಯಾ? ತಡವಾದರೆ ಮೊದಲ ಸಲದ ಗಿರಾಕಿ ಎರಡನೇ ಸಲ ಬರುವುದಿಲ್ಲ.

ಅದರ ಬದಲು ಆರು ಜನರಿಂದ ಶುರು ಮಾಡಿ. 10ರಿಂದ 50 ಸಾವಿರ ಫಾಲೋವರ್ಸ್ ಇರುವ, ದಿನಾ ಮನೆ ಅಡುಗೆ ತೋರಿಸುವವರು ಸಾಕು. ಬೆಂಗಳೂರಿನಲ್ಲಿರುವ ಉತ್ತರ ಕರ್ನಾಟಕದವರು ಸಿಕ್ಕರೆ ಇನ್ನೂ ಒಳ್ಳೆಯದು. ಅವರು ಬಿಸಿ ಅನ್ನಕ್ಕೆ ಗುರೆಳ್ಳು ಪುಡಿ, ಮೇಲೆ ಕುಸುಬಿ ಎಣ್ಣೆ ಹಾಕಿ ಕಲಸುವುದನ್ನು ನೋಡಿದವರಿಗೆ ಊರು ನೆನಪಾಗುತ್ತದೆ. ನಟಿ ಪ್ಯಾಕೆಟ್ ಹಿಡಿದು ನಕ್ಕರೆ ಅದು ಆಗುವುದಿಲ್ಲ.

ಆರಿಸುವಾಗ ಫಾಲೋವರ್ಸ್ ಸಂಖ್ಯೆ ಬಿಡಿ. ಕೊನೆಯ 12 ರೀಲ್‌ಗಳ ವ್ಯೂಸ್ ಬರೆದುಕೊಳ್ಳಿ, ವೈರಲ್ ಆದ ಒಂದೆರಡನ್ನು ತೆಗೆದುಹಾಕಿ, ಉಳಿದವು ಎಷ್ಟಿವೆ ನೋಡಿ. ಆಮೇಲೆ ಅವರ ಇನ್‌ಸೈಟ್ಸ್‌ನಲ್ಲಿ ಯಾವ ಊರಿನವರು ಜಾಸ್ತಿ ಅಂತ ಸ್ಕ್ರೀನ್ ರೆಕಾರ್ಡ್ ಮಾಡಿ ಕಳಿಸಲು ಹೇಳಿ. ಸ್ಕ್ರೀನ್‌ಶಾಟ್ ಬೇಡ, ಅದನ್ನು ತಿದ್ದಬಹುದು. ಫಾಲೋವರ್ಸ್ ಬೇರೆ ರಾಜ್ಯದವರೇ ಆಗಿದ್ದರೆ ನಿಮ್ಮ ಪುಡಿಗೆ ಅವರಿಂದ ಏನು ಉಪಯೋಗ?

ಪ್ರತಿಕ್ರಿಯೆ (ಸೋಷಿಯಲ್ ಮೀಡಿಯಾ ನೋಡಿಕೊಳ್ಳುವವರು, ಮೈಸೂರು):
ಇಷ್ಟೆಲ್ಲ ಯಾಕೆ? ಎಂಗೇಜ್‌ಮೆಂಟ್ ರೇಟ್, ಅಂದರೆ ಫಾಲೋವರ್ಸ್ ಸಂಖ್ಯೆಗೆ ಹೋಲಿಸಿದರೆ ಲೈಕ್, ಕಾಮೆಂಟ್ ಶೇಕಡಾ ಎಷ್ಟು ಅನ್ನುವುದು, ನೋಡಿದರೆ ಸಾಕು. 5% ಮೇಲಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ.

ಉತ್ತರ:
ಅದು ಮೊದಲ ಜರಡಿಗೆ ಸರಿ, ಅಲ್ಲಿಗೇ ನಿಲ್ಲಿಸಬೇಡಿ. "ಮೂವರಿಗೆ ಟ್ಯಾಗ್ ಮಾಡಿ, ಕುಕ್ಕರ್ ಗೆಲ್ಲಿ" ಅಂದರೆ ಯಾರ ರೇಟ್ ಆದರೂ ಏರುತ್ತದೆ. ಕಾಮೆಂಟ್ ಓದಿ. ಬರೀ ಬೆಂಕಿ, ಹಾರ್ಟ್ ಇದೆಯೋ, "ಇದು ಎಲ್ಲಿ ಸಿಗುತ್ತೆ?", "ಖಾರ ಜಾಸ್ತಿನಾ?" ಅಂತ ಕೇಳಿದ್ದಾರೋ ನೋಡಿ. ಅವರು ಉತ್ತರ ಕೊಟ್ಟಿದ್ದಾರಾ ಅನ್ನುವುದನ್ನೂ ನೋಡಿ.

ಈಗ ಅಳೆಯುವ ವಿಷಯ. ಆರ್ಡರ್ ವಾಟ್ಸಾಪ್‌ಗೆ ಬರುವುದರಿಂದ ನಿಮಗೆ ವೆಬ್‌ಸೈಟ್ ಬೇಕಿಲ್ಲ. ಪ್ರತಿಯೊಬ್ಬರಿಗೂ ಬೇರೆ ಬೇರೆ ಲಿಂಕ್ ಕೊಡಿ:

```
https://wa.me/91XXXXXXXXXX?text=R01
https://wa.me/91XXXXXXXXXX?text=R02
```

X ಇರುವಲ್ಲಿ ನಿಮ್ಮ ನಂಬರ್. ಲಿಂಕ್ ಒತ್ತಿದರೆ ಮೆಸೇಜ್ ಜಾಗದಲ್ಲಿ R01 ಅಂತ ಮೊದಲೇ ಬಂದಿರುತ್ತದೆ, ಗಿರಾಕಿ ಕಳಿಸಿದರೆ ಆಯ್ತು. ಕೆಲವರು ಅದನ್ನು ಅಳಿಸುತ್ತಾರೆ, ಕೆಲವರು ನೇರವಾಗಿ ಫೋನ್ ಮಾಡುತ್ತಾರೆ. ಹಾಗಾಗಿ ಆರ್ಡರ್ ತೆಗೆದುಕೊಳ್ಳುವವರು "ನಮ್ಮದನ್ನು ಎಲ್ಲಿ ನೋಡಿದ್ರಿ?" ಅಂತ ಕೇಳಿ ಪುಸ್ತಕದಲ್ಲಿ ಬರೆಯಲೇಬೇಕು.

ಆದರೆ ಡಿಸ್ಕೌಂಟ್ ಕೋಡ್ ಕೊಡಲೇಬೇಡಿ. ನಾನೇ ಒಮ್ಮೆ ಇದರಲ್ಲಿ ಎಡವಿದ್ದೇನೆ. ಒಬ್ಬರ ಕೋಡ್‌ನಿಂದ ಆರ್ಡರ್ ಸುರಿದವು ಅಂತ ಎಲ್ಲರೂ ಖುಷಿಪಟ್ಟೆವು. ಫೋನ್ ನಂಬರ್ ಹೊಂದಿಸಿ ನೋಡಿದರೆ ಹತ್ತಿರ ಹತ್ತಿರ ಅರ್ಧ ಹಳೆಯ ಗಿರಾಕಿಗಳೇ. ಹೇಗೂ ಪೂರ್ತಿ ಬೆಲೆಗೆ ಕೊಳ್ಳುತ್ತಿದ್ದವರಿಗೆ ನಾವೇ ಕಡಿಮೆ ಮಾಡಿ ಕೊಟ್ಟಿದ್ದೆವು. ಆಮೇಲಿಂದ ಹೊಸ ನಂಬರ್ ಆದರೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇನೆ. ಡಿಸ್ಕೌಂಟ್ ಬದಲು ಹೊಸಬರಿಗೆ ₹15 ಬೀಳುವ ಸಣ್ಣ ಗುರೆಳ್ಳು ಪೊಟ್ಟಣ ಹಾಕಿ.

ಆಗ ಮೊದಲ ಆರ್ಡರ್‌ಗೆ ₹155 ಉಳಿಯಿತು. ಒಬ್ಬರಿಗೆ ಫೀಸು, ಸ್ಯಾಂಪಲ್ ಡಬ್ಬಿ, ಕೊರಿಯರ್ ಸೇರಿ ₹8,500 ಅಂತಿಟ್ಟುಕೊಳ್ಳಿ. 55 ಹೊಸ ಆರ್ಡರ್ ಬಂದರೆ ಅಸಲು ಬಂತು. ಆದರೆ ಮೊದಲ ವಾರದಲ್ಲೇ ತೀರ್ಪು ಕೊಡಬೇಡಿ. R01ರಿಂದ 45, R02ರಿಂದ 30 ಬಂದವು ಅನ್ನೋಣ. ನೋಡಲು R01 ಗೆದ್ದ ಹಾಗೆ. ಮೂರು ತಿಂಗಳಲ್ಲಿ R01 ಕಡೆಯಿಂದ ಮೂರೇ ಆರ್ಡರ್ ಮತ್ತೆ ಬಂದವು. ಒಟ್ಟು ₹7,485, ಅಂದರೆ ನಷ್ಟ. R02 ಕಡೆಯ 12 ಜನ ತಲಾ ಎರಡು ಸಲ ಮತ್ತೆ ತರಿಸಿಕೊಂಡರು. ಒಟ್ಟು ₹8,730, ಅಸಲು ದಾಟಿತು, ಮೇಲೆ 12 ಖಾಯಂ ಮನೆಗಳು. ಚಟ್ನಿಪುಡಿ ಡಬ್ಬಿ ಖಾಲಿಯಾಗುವವರೆಗೆ ಕಾಯಲೇಬೇಕು ಅಕ್ಕ.

ಪ್ರತಿಕ್ರಿಯೆ (ಶಿರಸಿ, ಅಪ್ಪೆಮಿಡಿ ಉಪ್ಪಿನಕಾಯಿ):
ನಾವೂ ಐದು ಜನರಿಗೆ ಕೊಟ್ಟಿದ್ದೆವು. ನಮ್ಮದು ಅಂಗಡಿಯಲ್ಲಿ ಮಾತ್ರ ಸಿಗುತ್ತದೆ. ಕೋಡೂ ಇಲ್ಲ, ಲಿಂಕೂ ಇಲ್ಲ. ಎಲ್ಲರ ವ್ಯೂಸ್ ಕೂಡಿಸಿ ನೋಡಿದರೆ ಆಗುತ್ತಾ?

ಉತ್ತರ:
ವ್ಯೂಸ್ ಕೂಡಿಸಿದರೆ ಎಷ್ಟು ಬಾಟಲಿ ಹೋಯಿತು ಅಂತ ತಿಳಿಯುವುದಿಲ್ಲ ಸರ್. ಮುಂದಿನ ಸಲ ಊರುಗಳನ್ನು ಹೋಲಿಸಿ. ಉದಾಹರಣೆಗೆ ದಾವಣಗೆರೆಯವರು ನೋಡುವ ಪೇಜ್‌ಗಳಿಗೆ ಮಾತ್ರ ಕೊಡಿ, ಶಿವಮೊಗ್ಗವನ್ನು ಹಾಗೇ ಬಿಡಿ. ಡಿಸ್ಟ್ರಿಬ್ಯೂಟರ್ ಗೋಡೌನ್‌ಗೆ ಹೋದ ಮಾಲು ಬೇಡ, ಅಲ್ಲಿಂದ ಅಂಗಡಿಗಳಿಗೆ ಹೋದದ್ದನ್ನು ಲೆಕ್ಕ ಹಾಕಿ. ನಾಲ್ಕು ವಾರ ಮೊದಲು, ನಾಲ್ಕು ವಾರ ನಂತರ. ಎರಡೂ ಊರಲ್ಲಿ ಒಂದೇ ಹಾಗೆ ಏರಿದರೆ ಅದು ರೀಲ್ಸ್‌ನಿಂದ ಅಲ್ಲ. ರೀಲ್ಸ್ ಊರಿನ ಗಡಿ ನೋಡಿ ನಿಲ್ಲುವುದಿಲ್ಲ, ಹಾಗಾಗಿ ಇದು ಅಂದಾಜು ಮಾತ್ರ.

ಹುಬ್ಬಳ್ಳಿ ಅಕ್ಕ, ನೀವೂ ಸಂಕ್ರಾಂತಿ ಹತ್ತಿರ ಈ ಪರೀಕ್ಷೆ ಮಾಡಬೇಡಿ. ಸಜ್ಜೆ ರೊಟ್ಟಿ, ಶೇಂಗಾ ಆಗ ಹೇಗೂ ಹೋಗುತ್ತವೆ.

ಪ್ರತಿಕ್ರಿಯೆ (ಡಿಸ್ಟ್ರಿಬ್ಯೂಟರ್, ಬೆಳಗಾವಿ):
ನಾನು ಒಪ್ಪುವುದಿಲ್ಲ. ಪ್ಯಾಕೆಟ್ ಮೇಲೆ ನಟಿ ಫೋಟೋ ಇದ್ದರೆ ಅಂಗಡಿಯವರು ಮಾತಾಡದೆ ಇಟ್ಟುಕೊಳ್ತಾರೆ. 20 ಸಾವಿರ ಫಾಲೋವರ್ಸ್ ಇರುವವರ ಹೆಸರು ಹೇಳಿದರೆ "ಯಾರವರು?" ಅಂತಾರೆ.

ಉತ್ತರ:
ನಿಮ್ಮ ಮಾತಲ್ಲಿ ಸತ್ಯ ಇದೆ. ಮೂರ್ನಾಲ್ಕು ಜಿಲ್ಲೆಯ ಅಂಗಡಿಗಳಲ್ಲಿ ಜಾಗ ಹಿಡಿಯಬೇಕಾದಾಗ ಗೊತ್ತಿರುವ ಮುಖ ಕೆಲಸ ಮಾಡುತ್ತದೆ. ಆದರೆ ಪ್ಯಾಕೆಟ್ ಮೇಲೆ ಫೋಟೋ ಹಾಕುವ ಹಕ್ಕು ಒಂದು ರೀಲ್‌ನ ದರದಲ್ಲಿ ತಾನಾಗಿ ಬರುವುದಿಲ್ಲ, ಬೇರೆ ಒಪ್ಪಂದ ಬೇಕು. ಹಾಗೆ ಇಟ್ಟ ಮಾಲನ್ನು ಅಂಗಡಿಯವರು ಎರಡನೇ ಸಲ ಕೇಳುತ್ತಾರಾ ಅನ್ನುವುದು ನಿಮಗೇ ಚೆನ್ನಾಗಿ ಗೊತ್ತು, ಅದರ ಲೆಕ್ಕ ಇದ್ದರೆ ಇಲ್ಲಿ ಹಾಕಿ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ ಆಯ್ತು ಮೇಡಂ. ಒಬ್ಬರು ದುಡ್ಡು ಬೇಡ, ಡಬ್ಬಿ ಕಳಿಸಿದರೆ ಸಾಕು ಅಂದಿದ್ದಾರೆ. "ಶುಗರ್‌ಗೆ ಒಳ್ಳೇದು ಅಂತ ಹೇಳ್ತೀನಿ" ಅಂತಲೂ ಅಂದರು. ಹೇಳಲಿ ಬಿಡಿ ಅಲ್ವಾ?

ಉತ್ತರ:
ಬೇಡವೇ ಬೇಡ. ಕಾಯಿಲೆ ಹೆಸರು ಎತ್ತಬಾರದು ಅಂತ ಮೊದಲೇ ಬರೆದು ಕಳಿಸಿ. ದಾರಿ ತಪ್ಪಿಸುವ ಜಾಹೀರಾತು ಅಂತ ಆದರೆ 2019ರ ಗ್ರಾಹಕರ ಕಾಯ್ದೆಯಲ್ಲಿ ಮೊದಲ ಸಲಕ್ಕೇ ₹10 ಲಕ್ಷದವರೆಗೆ ದಂಡ ಇದೆ. ನಿಮಗೂ ಬೀಳಬಹುದು, ಅವರಿಗೂ ಬೀಳಬಹುದು. ಡಬ್ಬಿ ಪುಕ್ಕಟೆ ಕೊಟ್ಟರೂ ರೀಲ್ ಮೇಲೆ "ಜಾಹೀರಾತು" ಅಂತ ಕಾಣುವ ಹಾಗೆ ಹಾಕಲೇಬೇಕು. ರೀಲ್ ಹಾಕುವ ಮೊದಲು ಒಮ್ಮೆ ನಿಮಗೆ ಕಳಿಸಲಿ, ಪೂರ್ತಿ ಕೇಳಿಸಿಕೊಂಡು ಆಮೇಲೆ ಒಪ್ಪಿಗೆ ಕೊಡಿ. ಅವರಿಗೂ ಒಂದು ನಂಬರ್ ಇಡಿ, R07.