ಸಹಾಯ ಬೇಕು: ಹಬ್ಬದ ಕಸದಲ್ಲಿ ಹೆಗ್ಗಣ, ನಗರಸಭೆಗೆ ಪತ್ರ

ಎಲ್ಲರಿಗೂ ನಮಸ್ಕಾರ. ನಾವು ಕೋಲಾರದವರು. ನಮ್ಮ ಗಲ್ಲಿಯ ನಿವಾಸಿಗಳ ಸಂಘದಿಂದ ನಗರಸಭೆಗೆ ಪತ್ರ ಕೊಡಬೇಕು. ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ.

ಆಯುಧಪೂಜೆಗೆ ಬೂದುಗುಂಬಳ, ಬಾಳೆಕಂದು ಮಾರಲು ಬಂದವರು ಉಳಿದದ್ದನ್ನೆಲ್ಲ ಚರಂಡಿ ಪಕ್ಕ ಸುರಿದು ಹೋದರು. ಅದರ ಮೇಲೆ ನಮ್ಮವರೇ ಒಡೆದ ಕುಂಬಳ, ಕಡ್ಲೆಪುರಿ, ಹೂವು ಹಾಕಿದರು. ಪತ್ರದಲ್ಲಿ ಇದನ್ನೂ ಒಪ್ಪಿಕೊಳ್ಳಬೇಕು ಅಲ್ವಾ? ಇವತ್ತಿಗೆ ಹನ್ನೆರಡು ದಿನ. ಹೆಗ್ಗಣ ಗಬ್ಬವಾದ ಸುಮಾರು ಮೂರು ವಾರಕ್ಕೆ ಮರಿ ಹಾಕುತ್ತದೆ, ಹಾಗಾಗಿ ತಡ ಮಾಡುವಂತಿಲ್ಲ.

"ಇಲಿ ಜಾಸ್ತಿ" ಎಂದು ಸುಮ್ನೆ ಬರೆದರೆ ಆಗದು ಅಂತ ಬಿಲ ಎಣಿಸಿದೆವು. ಒಟ್ಟು 14. ಸಂಜೆ ಎಲ್ಲದಕ್ಕೂ ಹಳೇ ಪೇಪರ್ ಉಂಡೆ ಮಾಡಿ ತುರುಕಿದೆವು. ಬೆಳಿಗ್ಗೆ 9 ಬಿಲಗಳ ಪೇಪರ್ ಹೊರಗೆ ಬಿದ್ದಿತ್ತು, ಪಕ್ಕದಲ್ಲಿ ಹೊಸ ಮಣ್ಣು. ಅಂದರೆ ಆ 9ರಲ್ಲಿ ಓಡಾಟ ಇದೆ. ಫೋಟೊ ತೆಗೆದಿದ್ದೇವೆ.

ಈಗ ಸಂಘದಲ್ಲೇ ಜಗಳ. ಕೆಲವರು ಮೊದಲು ಪಾಷಾಣ ಇಡಿಸಿ ಅನ್ನುತ್ತಾರೆ. ಬಾಯಿಗೆ ಸಿಗುವಷ್ಟು ಕುಂಬಳ ಇರುವಾಗ ಅದು ಪಾಷಾಣ ಯಾಕೆ ಮುಟ್ಟುತ್ತದೆ? ಹಾಗಂತ ರಾಶಿ ಮಾತ್ರ ಎತ್ತಿದರೆ ಹಸಿದ ಹೆಗ್ಗಣ ಮನೆಯೊಳಗೆ ನುಗ್ಗುತ್ತವೆ. ಹಾಗಾಗಿ ರಾಶಿ ಎತ್ತಿದ ದಿನವೇ ಬಿಲದೊಳಗೆ ಮದ್ದಿಟ್ಟು ಮಣ್ಣು ಮುಚ್ಚಬೇಕು, ಮೂರನೇ ದಿನ ಮತ್ತೆ ತೆರೆದ ಬಿಲ ನೋಡಬೇಕು ಎಂದು ಬರೆಯೋಣ ಅಂತಿದ್ದೇನೆ. ನಾಯಿ, ಮಕ್ಕಳು ಓಡಾಡುವ ಜಾಗ, ಮದ್ದು ಹೊರಗೆ ಚೆಲ್ಲಬಾರದು ಅಂತಲೂ ಸೇರಿಸುತ್ತೇನೆ.

ಇಂಥ ಪತ್ರ ಕೊಟ್ಟವರು ಯಾರಾದರೂ ಇದ್ದೀರಾ? ಪೌರಾಯುಕ್ತರ ಹೆಸರಿಗೆ ಬರೆದು ಆರೋಗ್ಯ ನಿರೀಕ್ಷಕರಿಗೆ ಪ್ರತಿ ಕೊಟ್ಟರೆ ಸಾಕಾ? ಎರಡೂ ಕೆಲಸ ಒಂದೇ ಪತ್ರದಲ್ಲಿ ಕೇಳಬಹುದಾ? ಸೋಮವಾರ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಬೇಕು.