ಜರ್ಮನಿಯಿಂದ ಬಂದ ಮೈಕ್ರೋವೇವ್ ಓವನ್: ಬಟನ್, ವ್ಯಾಟ್ ಮತ್ತು ಪಾತ್ರೆಯ ವಿಚಾರ

ವಿರಾಜಪೇಟೆಯಿಂದ, ಪ್ರಶ್ನೆ

"ನನ್ನ ಮೈದುನ ಜರ್ಮನಿಯಿಂದ ವಾಪಸು ಬರುವಾಗ ತಂದ ಮೈಕ್ರೋವೇವ್ ಓವನ್ ಈಗ ನಮ್ಮ ಅಡುಗೆಮನೆಯಲ್ಲಿದೆ. ಕೈಪಿಡಿ ಕಳೆದುಹೋಗಿದೆ. ಬಟನ್‌ಗಳ ಮೇಲೆ Mikrowelle, Grill, Heißluft, Auftauen ಎಂದಿದೆ. ಒತ್ತುತ್ತಾ ಹೋದರೆ 90, 180, 360, 600, 800 ಎಂಬ ಅಂಕಿಗಳು ಬರುತ್ತವೆ. ನನ್ನ ಬಳಿಯ ಅಡುಗೆ ಪುಸ್ತಕದಲ್ಲಿ ಹೈ, ಮೀಡಿಯಂ, ಲೋ ಎಂದಷ್ಟೇ ಇದೆ. ಫ್ರೀಜರಿನಲ್ಲಿಟ್ಟ ಹಂದಿಮಾಂಸ ಕರಗಿಸಲು, ಕಡಂಬುಟ್ಟು ಬಿಸಿ ಮಾಡಲು ಯಾವುದನ್ನು ಒತ್ತಬೇಕು? ಸ್ಟೀಲ್ ಪಾತ್ರೆ ಇಡಬಹುದೇ? ಬಳಸಿದವರು ದಯವಿಟ್ಟು ತಿಳಿಸಿ."

ಕುಶಾಲನಗರದಿಂದ

ಅಕ್ಕ, ನಮ್ಮ ಮನೆಯಲ್ಲೂ ಹೊರದೇಶದ ಓವನ್ ಇದೆ. ಹೈ ಎಂದರೆ 800, ಮೀಡಿಯಂ ಎಂದರೆ 360, ಲೋ ಎಂದರೆ 180 ಎಂದು ತಿಳಿದುಕೊಂಡರೆ ಅಡುಗೆ ಪುಸ್ತಕದ ಲೆಕ್ಕ ಸರಿಹೋಗುತ್ತದೆ. ಸ್ಟೀಲ್ ಪಾತ್ರೆಯನ್ನು ಮಾತ್ರ ಯಾವ ಬಟನ್ ಒತ್ತಿದಾಗಲೂ ಒಳಗಿಡಬೇಡಿ. ಇನ್ನೊಂದು ವಿಷಯ, ಶಕ್ತಿ ಅರ್ಧವಾದರೆ ಸಮಯ ಎರಡರಷ್ಟು ಬೇಕಾಗುತ್ತದೆ, ಶಕ್ತಿ ಹೆಚ್ಚಾದರೆ ಸಮಯ ಕಡಿಮೆಯಾಗುತ್ತದೆ. ಹಾಗಾಗಿ ಮಾಂಸ ಕರಗಿಸುವುದಕ್ಕೆ ಬೇರೆ ಬಟನ್ ಹುಡುಕುವ ಅಗತ್ಯವಿಲ್ಲ, 800ರಲ್ಲೇ ಸ್ವಲ್ಪ ಹೊತ್ತು ಇಟ್ಟರೆ ಕೆಲಸ ಬೇಗ ಮುಗಿಯುತ್ತದೆ.

ಮಡಿಕೇರಿಯಿಂದ, ಓವನ್ ಮತ್ತು ವಾಷಿಂಗ್ ಮೆಷಿನ್ ರಿಪೇರಿ ಮಾಡುವವರು

ಕುಶಾಲನಗರದವರು ಹೇಳಿದ ಮೊದಲ ಮಾತು ಬಹುಮಟ್ಟಿಗೆ ಸರಿ. ಸ್ಟೀಲಿನ ಮಾತು ಅರ್ಧ ಸರಿ, ಮಾಂಸದ ಮಾತನ್ನು ದಯವಿಟ್ಟು ಪಾಲಿಸಬೇಡಿ. ಕಾರಣವನ್ನು ಒಂದೊಂದಾಗಿ ಬರೆಯುತ್ತೇನೆ.

ಭಾಷೆ ಬಾರದ ಓವನ್ ಎದುರು ನಿಂತಾಗ ಪದಗಳಿಗಿಂತ ಮೊದಲು ಡಿಸ್‌ಪ್ಲೇಯಲ್ಲಿ ಅಂಕಿಯ ಪಕ್ಕ ಏನಿದೆ ಎಂದು ನೋಡಬೇಕು. ಅಲ್ಲಿ `W` ಇದ್ದರೆ ಮೈಕ್ರೋವೇವ್ ತರಂಗಗಳು ಕೆಲಸ ಮಾಡುತ್ತಿವೆ ಎಂದರ್ಥ. ಆಗ ಸ್ಟೀಲ್, ಅಲ್ಯೂಮಿನಿಯಂ, ಚಿನ್ನದ ಗೆರೆಯ ಪಿಂಗಾಣಿ ಯಾವುದೂ ಬೇಡ, ಕಿಡಿ ಹಾರುತ್ತದೆ. `°C` ಇದ್ದರೆ ಒಳಗೆ ಬರೀ ಬಿಸಿಗಾಳಿ ತಿರುಗುತ್ತದೆ, ನಿಮ್ಮ ಓವನ್‌ನಲ್ಲಿ ಅದು Heißluft. ಆಗ ಸ್ಟೀಲ್ ತಟ್ಟೆ, ಕೇಕ್ ಟಿನ್ನು ಎಲ್ಲವನ್ನೂ ಇಡಬಹುದು. ಆದರೆ 180 ಡಿಗ್ರಿಯ ಗಾಳಿಯಲ್ಲಿ "ಮೈಕ್ರೋವೇವ್‌ಗೆ ಸರಿ" ಎಂದು ಮುದ್ರಿಸಿರುವ ಪ್ಲಾಸ್ಟಿಕ್ ಡಬ್ಬವೂ ಕುಸಿದು ಅಂಟಿಕೊಳ್ಳುತ್ತದೆ. `W` ಮತ್ತು `°C` ಎರಡೂ ಒಟ್ಟಿಗೆ ಬಂದರೆ ಸ್ಟೀಲೂ ಬೇಡ, ಪ್ಲಾಸ್ಟಿಕ್ಕೂ ಬೇಡ, ಓವನ್‌ಗೆಂದೇ ಮಾಡಿದ ದಪ್ಪ ಗಾಜು ಅಥವಾ ಬಣ್ಣದ ಗೆರೆಯಿಲ್ಲದ ಪಿಂಗಾಣಿ ಮಾತ್ರ. Grill ಒಂದರಲ್ಲಿ ಅಂಕಿಯ ಪಕ್ಕ ಎರಡೂ ಬಾರದಿರಬಹುದು. ಅದು ಮೇಲಿನ ಕಾಯಿಲ್ ಕೆಂಪಗೆ ಕಾಯುವ ಕೆಲಸ, ಪಾತ್ರೆಯ ವಿಷಯದಲ್ಲಿ ಅದನ್ನು ಬಿಸಿಗಾಳಿಯಂತೆಯೇ ನೋಡಿ. ನನ್ನ ಬಳಿ ರಿಪೇರಿಗೆ ಬರುವ ಕಾಂಬಿ ಓವನ್‌ಗಳಲ್ಲಿ ಕರಗಿದ ಡಬ್ಬ ಮತ್ತು ಕಿಡಿಯಿಂದ ಸುಟ್ಟ ಗೋಡೆ, ಈ ಎರಡೇ ದೂರು ಹೆಚ್ಚು, ಎರಡಕ್ಕೂ ಮೂಲ ಒಂದೇ: ಯಾವ ಬಿಸಿ ಓಡುತ್ತಿದೆ ಎಂದು ತಿಳಿಯದೆ ಪಾತ್ರೆ ಇಟ್ಟಿರುತ್ತಾರೆ.

ಇನ್ನು ಅಂಕಿಗಳು. 800 ಎಂಬುದು ಆಹಾರಕ್ಕೆ ತಲುಪುವ ಶಕ್ತಿ, ಕರೆಂಟ್ ಮೀಟರ್ ಓಡುವ ಶಕ್ತಿಯಲ್ಲ. ಬಾಗಿಲ ಚೌಕಟ್ಟಿನಲ್ಲಿ ಅಥವಾ ಹಿಂಬದಿಯಲ್ಲಿ ಅಂಟಿಸಿದ ಪಟ್ಟಿಯಲ್ಲಿ ಇದಕ್ಕಿಂತ ದೊಡ್ಡದಾದ ಇನ್ನೊಂದು ಅಂಕಿ, ಸುಮಾರು 1300 ವ್ಯಾಟ್, ಇರುತ್ತದೆ. ಯುಪಿಎಸ್ ಮೇಲೆ ಓಡಿಸಬಹುದೇ ಎಂಬ ಲೆಕ್ಕಕ್ಕೆ ಆ ದೊಡ್ಡ ಅಂಕಿಯನ್ನು ತೆಗೆದುಕೊಳ್ಳಬೇಕು. ಅಡುಗೆ ಪುಸ್ತಕದ "ಹೈ" ಯಾವ ಓವನ್‌ನ ಹೈ ಎಂದು ತಿಳಿಯದಿದ್ದರೆ ಸಮಯ ಸರಿಹೊಂದುವುದಿಲ್ಲ. 800 ವ್ಯಾಟ್‌ನಲ್ಲಿ 3 ನಿಮಿಷ ಎಂದಿದ್ದರೆ 600ರಲ್ಲಿ 4 ನಿಮಿಷ ಬೇಕು.

ಶಕ್ತಿ ಅರ್ಧ, ಸಮಯ ಎರಡರಷ್ಟು ಎಂಬ ಲೆಕ್ಕ ಸಾರು, ಹಾಲು ಮುಂತಾದ ದ್ರವಗಳಿಗೆ ಸರಿಹೋಗುತ್ತದೆ. ಹೆಪ್ಪುಗಟ್ಟಿದ ಮಾಂಸಕ್ಕೆ ಹೋಗುವುದಿಲ್ಲ, ಏಕೆಂದರೆ ಮಂಜುಗಡ್ಡೆ ಮೈಕ್ರೋವೇವನ್ನು ಬಹಳ ಕಡಿಮೆ ಹೀರಿಕೊಳ್ಳುತ್ತದೆ, ನೀರು ಚೆನ್ನಾಗಿ ಹೀರಿಕೊಳ್ಳುತ್ತದೆ. ಅಂಚಿನಲ್ಲಿ ಸ್ವಲ್ಪ ಕರಗಿದ ಕೂಡಲೇ ಬಿಸಿಯೆಲ್ಲ ಅಲ್ಲಿಗೇ ಹೋಗಿ, ನಡುವೆ ಕಲ್ಲಿನಂತಿರುವಾಗಲೇ ಅಂಚು ಬೆಂದುಹೋಗುತ್ತದೆ. Auftauen ಬಟನ್ ಇರುವುದು ಇದಕ್ಕಾಗಿಯೇ. ಒತ್ತಿದಾಗ ಗ್ರಾಂ ಅಥವಾ ಕಿಲೋ ಕೇಳಿದರೆ ಪಾತ್ರೆ ಬಿಟ್ಟು ಮಾಂಸದ ತೂಕವನ್ನಷ್ಟೇ ಕೊಡಿ. ನೀವೇ ಕೈಯಿಂದ ಮಾಡುವುದಾದರೆ ಅರ್ಧ ಕಿಲೋ ಹಂದಿಮಾಂಸದ ತುಂಡುಗಳಿಗೆ 180ರಲ್ಲಿ ಸುಮಾರು 5 ನಿಮಿಷ ಇಟ್ಟು, ಹೊರಗೆ ತೆಗೆದು, ಬಿಟ್ಟುಕೊಂಡ ತುಂಡುಗಳನ್ನು ಬೇರ್ಪಡಿಸಿ, ಸೋರಿದ ನೀರನ್ನು ಚೆಲ್ಲಿ, ಉಳಿದದ್ದನ್ನು ತಿರುವಿಹಾಕಿ 90ರಲ್ಲಿ 10 ನಿಮಿಷ ಇಡಿ. ಬಳಿಕ ಕಾಲು ಗಂಟೆ ಮುಚ್ಚಿಟ್ಟರೆ ನಡುವಿನ ಗಟ್ಟಿ ತಾನಾಗಿ ಸಡಿಲವಾಗುತ್ತದೆ. ಕೊಬ್ಬಿನ ಅಂಚು ಬಿಸಿಯಾಗಿ, ಮಾಂಸ ಬೂದುಬಣ್ಣಕ್ಕೆ ತಿರುಗಿದ್ದು ಕಂಡರೆ ಶಕ್ತಿ ಹೆಚ್ಚಾಗಿದೆ ಎಂದು ತಿಳಿಯಿರಿ, ಆ ಮಾಂಸವನ್ನು ಮತ್ತೆ ಫ್ರಿಜ್ಜಿಗಿಡದೆ ಆಗಲೇ ಬೇಯಿಸಿಬಿಡಿ.

ಮತ್ತೊಂದು ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಜರ್ಮನಿಯಲ್ಲೂ 230 ವೋಲ್ಟ್, 50 ಹರ್ಟ್ಸ್ ಇರುವುದರಿಂದ ಕರೆಂಟಿನ ತೊಂದರೆ ಇಲ್ಲ. ಆದರೆ ಅಲ್ಲಿನ ಪ್ಲಗ್‌ಗೆ ದುಂಡಗಿನ ಎರಡೇ ಪಿನ್ನು, ಅರ್ಥಿಂಗ್ ಬರುವುದು ಪ್ಲಗ್‌ನ ಬದಿಯಲ್ಲಿರುವ ತಗಡಿನಿಂದ. ಅದು ನಮ್ಮ ಸಾಕೆಟ್‌ನಲ್ಲಿ ಎಲ್ಲಿಯೂ ತಾಗುವುದಿಲ್ಲ, ಹಾಗಾಗಿ ಓವನ್ ಅರ್ಥಿಂಗ್ ಇಲ್ಲದೆಯೇ ಓಡುತ್ತದೆ. ಎಲೆಕ್ಟ್ರಿಷಿಯನ್ ಕೈಯಲ್ಲಿ 16 ಆಂಪಿಯರ್‌ನ ಮೂರು ಪಿನ್ನಿನ ಪ್ಲಗ್ ಹಾಕಿಸಿ, ಅನಂತರವೇ ಬಳಸಿ.

ನಾಪೋಕ್ಲಿನಿಂದ, ಹೋಮ್‌ಸ್ಟೇ ನಡೆಸುವವರು

ಕಡಂಬುಟ್ಟಿನ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಅತಿಥಿಗಳು ತಡವಾಗಿ ಬಂದಾಗ ಅದನ್ನು ಮತ್ತೆ ಇಡ್ಲಿ ಪಾತ್ರೆಯಲ್ಲಿ ಹಬೆಗಿಡುವಷ್ಟು ವ್ಯವಧಾನ ಇರುವುದಿಲ್ಲ. ಪೂರ್ತಿ ಶಕ್ತಿಯಲ್ಲಿ ಇಟ್ಟರೆ ಉಂಡೆಯ ಹೊರಮೈ ರಬ್ಬರಿನಂತಾಗಿ ನಡುಭಾಗ ತಣ್ಣಗೇ ಉಳಿಯುತ್ತದೆ. ಗಾಜಿನ ಬೋಗುಣಿಯಲ್ಲಿ ಉಂಡೆಗಳನ್ನು ನಡುವೆ ಜಾಗ ಬಿಟ್ಟು ಅಂಚಿನ ಸುತ್ತ ಜೋಡಿಸಿ, ಎರಡು ಚಮಚ ನೀರು ಚಿಮುಕಿಸಿ, ಮೇಲೆ ಪಿಂಗಾಣಿ ತಟ್ಟೆ ಮುಚ್ಚಿ 360ರಲ್ಲಿ ಎರಡು ಮೂರು ನಿಮಿಷ ಇಡುತ್ತೇನೆ. ಓವನ್ ನಿಂತ ಮೇಲೆ ತಟ್ಟೆ ತೆಗೆಯದೆ ಒಂದೆರಡು ನಿಮಿಷ ಹಾಗೆಯೇ ಬಿಡುತ್ತೇನೆ. ಒಂದು ಉಂಡೆಯನ್ನು ಮುರಿದು ನೋಡಿದರೆ ನಡುವಿನಿಂದ ಹಬೆ ಬರಬೇಕು. ನೂಪುಟ್ಟಿಗೆ ಇದರ ಅರ್ಧ ಸಮಯ ಸಾಕು.

ಸೋಮವಾರಪೇಟೆಯಿಂದ

ನಮ್ಮದೂ ಇದೇ ಸಮಸ್ಯೆ. ಮಗ ಜಪಾನಿನಿಂದ ಕಳುಹಿಸಿದ ಓವನ್ ಮೇಲೆ レンジ, オーブン, 解凍 ಎಂಬ ಬರಹವಿದೆ. ಇಲ್ಲಿ ಹೇಳಿದ 90, 180 ಎಂಬ ಅಂಕಿಗಳು ನಮ್ಮದರಲ್ಲಿ ಕಾಣುತ್ತಿಲ್ಲ. ಇನ್ನೂ ಪ್ಲಗ್‌ಗೆ ಹಾಕಿಲ್ಲ. ನಾವು ಯಾವ ಅಂಕಿ ಒತ್ತಬೇಕು?

ಮಡಿಕೇರಿಯಿಂದ

ದಯವಿಟ್ಟು ಹಾಕಬೇಡಿ. ನಿಮ್ಮ ಸಮಸ್ಯೆ ಬಟನ್‌ಗಿಂತ ಮೊದಲು ಕರೆಂಟಿನದು. ಜಪಾನಿನ ಮನೆಗಳಲ್ಲಿ 100 ವೋಲ್ಟ್. ನಮ್ಮ 230ಕ್ಕೆ ನೇರವಾಗಿ ಜೋಡಿಸಿದರೆ ಓವನ್ ಆ ಕ್ಷಣದಲ್ಲೇ ಸುಟ್ಟುಹೋಗುತ್ತದೆ. ಹಿಂಬದಿಯ ಪಟ್ಟಿಯಲ್ಲಿ 100V ಪಕ್ಕದಲ್ಲಿ 50/60Hz ಎಂದಿದೆಯೇ, ಬರೀ 60Hz ಎಂದಿದೆಯೇ ನೋಡಿ. ಜಪಾನಿನ ಪೂರ್ವಭಾಗದಲ್ಲಿ 50, ಪಶ್ಚಿಮಭಾಗದಲ್ಲಿ 60 ಇರುವುದರಿಂದ ಎರಡು ಬಗೆಯೂ ಬರುತ್ತವೆ. ಬರೀ 60 ಇದ್ದರೆ ಇಲ್ಲಿ ಬಳಸುವ ಯೋಚನೆ ಬಿಡಿ, ವೋಲ್ಟೇಜ್ ಇಳಿಸಿದರೂ ಹರ್ಟ್ಸ್ ಬದಲಾಗುವುದಿಲ್ಲ. ಎರಡೂ ಇದ್ದರೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು, ಅದು ಪಟ್ಟಿಯ ದೊಡ್ಡ ವ್ಯಾಟ್ ಅಂಕಿಗಿಂತ ಹೆಚ್ಚಿನದಾಗಿರಬೇಕು; ಅಂಥದ್ದು ತೂಕದ ಸಾಮಾನು, ಬೆಲೆಯೂ ಕಡಿಮೆಯಲ್ಲ, ಇಲ್ಲಿ ಹೊಸ ಓವನ್ ಕೊಳ್ಳುವುದೇ ಮೇಲೆಂದು ನನ್ನ ಅಭಿಪ್ರಾಯ. ಬರಹದ ಮಟ್ಟಿಗೆ レンジ ಮೈಕ್ರೋವೇವ್, オーブン ಬಿಸಿಗಾಳಿಯ ಓವನ್, 解凍 ಕರಗಿಸುವುದು.

ವಿರಾಜಪೇಟೆಯಿಂದ, ಕೇಳಿದವರು

ಎಲ್ಲರಿಗೂ ಧನ್ಯವಾದ. ಪ್ಲಗ್ ಬದಲಾಯಿಸಿದ್ದಾಗಿದೆ. ಮಾಂಸ ಹೇಳಿದಂತೆಯೇ ಕರಗಿತು, ಅಂಚು ಬೇಯಲಿಲ್ಲ. ಆದರೆ 360ಕ್ಕೆ ಇಟ್ಟಾಗ ಓವನ್ ಒಮ್ಮೆ ಗುಂಯ್ ಎಂದು ಸದ್ದು ಮಾಡುತ್ತದೆ, ಆಮೇಲೆ ಟಿಕ್ ಎಂದು ಸುಮ್ಮನಾಗುತ್ತದೆ, ತಟ್ಟೆ ಮಾತ್ರ ತಿರುಗುತ್ತಲೇ ಇರುತ್ತದೆ. ಇದು ಕೆಟ್ಟಿದೆಯೇ? 800ರಲ್ಲಿ ಇಟ್ಟರೂ ಹಾಲು ಕಾಯುವುದು ನಿಧಾನ ಎನಿಸುತ್ತದೆ.

ಮಡಿಕೇರಿಯಿಂದ

ಸದ್ದು ನಿಂತು ಬರುವುದು ಕೆಟ್ಟದ್ದರ ಲಕ್ಷಣವಲ್ಲ. ಹೆಚ್ಚಿನ ಓವನ್‌ಗಳಿಗೆ ಶಕ್ತಿಯನ್ನು ತಗ್ಗಿಸಲು ಬರುವುದಿಲ್ಲ. ಪೂರ್ತಿ ಶಕ್ತಿಯಲ್ಲಿ ಸ್ವಲ್ಪ ಹೊತ್ತು ಓಡಿ, ಸ್ವಲ್ಪ ಹೊತ್ತು ನಿಂತು ಸರಾಸರಿ ತಗ್ಗಿಸುತ್ತವೆ. ಅಂಕಿಯೇ ಇಲ್ಲದ ಓವನ್‌ಗಳಲ್ಲಿ ನಾನು ಒಳಗೆ ಒಂದು ಬಟ್ಟಲು ನೀರಿಟ್ಟು, ಗುಂಯ್ ಎನ್ನುವ ಹೊತ್ತು ಎಷ್ಟು, ಸುಮ್ಮನಿರುವ ಹೊತ್ತು ಎಷ್ಟು ಎಂದು ಗಡಿಯಾರ ನೋಡಿ ಬಟನ್‌ಗಳ ಮಟ್ಟ ಕಂಡುಕೊಳ್ಳುತ್ತೇನೆ. ಎರಡೂ ಸಮನಾದರೆ ಅದು ಸುಮಾರು ಅರ್ಧ ಶಕ್ತಿ. ಇನ್ವರ್ಟರ್ ಬಗೆಯ ಓವನ್‌ನಲ್ಲಿ ಸದ್ದು ಒಂದೇ ಸಮನೆ ಇರುವುದರಿಂದ ಈ ಉಪಾಯ ನಡೆಯದು. ಖಾಲಿ ಓವನ್ ಮಾತ್ರ ಎಂದೂ ಓಡಿಸಬೇಡಿ.

ನಿಧಾನದ ವಿಷಯಕ್ಕೆ ಅಳತೆ ಮಾಡಿ ನೋಡಿ. ಹಗುರವಾದ ಪ್ಲಾಸ್ಟಿಕ್ ಬೋಗುಣಿಯಲ್ಲಿ ಸರಿಯಾಗಿ ಒಂದು ಲೀಟರ್ ತಣ್ಣೀರು ತೆಗೆದುಕೊಂಡು ಉಷ್ಣತೆ ಬರೆದಿಡಿ, 800ರಲ್ಲಿ 60 ಸೆಕೆಂಡ್ ಓಡಿಸಿ, ಹೊರತೆಗೆದು ಕಲಕಿ ಕೂಡಲೇ ಮತ್ತೆ ಅಳೆಯಿರಿ. ಎಷ್ಟು ಡಿಗ್ರಿ ಏರಿತೋ ಅದನ್ನು 70ರಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ.

ವಿರಾಜಪೇಟೆಯಿಂದ, ಕೇಳಿದವರು

ಪ್ಲಾಸ್ಟಿಕ್ ಬೋಗುಣಿ ಇರಲಿಲ್ಲ, ಗಾಜಿನದರಲ್ಲಿ ಮಾಡಿದೆ. 20 ಡಿಗ್ರಿ ಇದ್ದದ್ದು 29 ಆಯಿತು, ಅಂದರೆ 630 ವ್ಯಾಟ್.

ಕುಶಾಲನಗರದಿಂದ

ಅಕ್ಕ, ನಿಮ್ಮಲ್ಲಿ ಸಂಜೆ ವೋಲ್ಟೇಜ್ ಕಡಿಮೆ ಇರಬಹುದು. ನಮ್ಮಲ್ಲಿ ಮಳೆಗಾಲದಲ್ಲಿ ಟ್ಯೂಬ್‌ಲೈಟೇ ಹತ್ತುವುದಿಲ್ಲ.

ಮಡಿಕೇರಿಯಿಂದ

ಅದೂ ಕಾರಣವಿರಬಹುದು, ಹಳೆಯ ಟ್ರಾನ್ಸ್‌ಫಾರ್ಮರ್ ಬಗೆಯ ಓವನ್‌ನಲ್ಲಿ ವೋಲ್ಟೇಜ್ ಇಳಿದರೆ ಶಕ್ತಿಯೂ ಇಳಿಯುತ್ತದೆ. ದಪ್ಪ ಗಾಜು ಕೂಡ ಸ್ವಲ್ಪ ಬಿಸಿ ಹೀರಿರುತ್ತದೆ. ತರಂಗಗಳನ್ನು ಹುಟ್ಟಿಸುವ ಮ್ಯಾಗ್ನೆಟ್ರಾನ್ ಹಳತಾಗಿದ್ದರೂ ಹೀಗೆಯೇ ಆಗುತ್ತದೆ, ಈ ಒಂದು ಅಳತೆಯಿಂದ ಯಾವುದೆಂದು ಹೇಳಲಾಗದು. ವೋಲ್ಟೇಜ್ ಸರಿಯಿರುವ ಬೆಳಗಿನ ಹೊತ್ತು ಪ್ಲಾಸ್ಟಿಕ್ ಬೋಗುಣಿಯಲ್ಲಿ ಮತ್ತೊಮ್ಮೆ ಮಾಡಿ. ಆಗ 700ರ ಆಚೆ ಬಂದರೆ ಓವನ್ ಬಿಚ್ಚಿಸುವ ಅಗತ್ಯವಿಲ್ಲ. ಅಲ್ಲಿಯವರೆಗೆ ಪುಸ್ತಕದಲ್ಲಿ 800ಕ್ಕೆ 4 ನಿಮಿಷ ಎಂದಿದ್ದರೆ ನೀವು 5 ನಿಮಿಷ ಇಡಿ. ಮುಚ್ಚಳವನ್ನು ಮಾತ್ರ ಯಾರ ಕೈಯಲ್ಲೂ ಮನೆಯಲ್ಲಿ ಬಿಚ್ಚಿಸಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಪ್ರಾಣ ತೆಗೆಯುವಷ್ಟು ಕರೆಂಟ್ ಉಳಿದಿರುತ್ತದೆ.